ಏಳು ಪುಟ ಚಿತ್ರಕಥೆ, ಎರಡು ಪುಟ ಬ್ರೇಕ್‌ಡೌನ್: ಸಹಾಯಕ ನಿರ್ದೇಶಕಿ ಹುದ್ದೆಗೆ ಬರೆದ ಒಂದು ಅರ್ಜಿಯ ಪ್ರಕರಣ ಅಧ್ಯಯನ

ಈ ಪ್ರಕರಣ ದಾವಣಗೆರೆಯ ಒಬ್ಬ ಯುವತಿಯದು. ಸಿನಿಮಾ ನಿರ್ದೇಶನದಲ್ಲಿ ಪದವಿ ಮುಗಿಸಿದ ಆಕೆ ಸಹಾಯಕ ನಿರ್ದೇಶಕಿಯಾಗಿ ಸೇರಲು ಒಂದು ಪತ್ರ ಬರೆದು, ಜೊತೆಗೆ ಮಾದರಿ ಚಿತ್ರಕಥೆ ಲಗತ್ತಿಸಿದ್ದಳು. ಆ ಪತ್ರ ಮೊದಲು ಹೇಗಿತ್ತು, ಆಮೇಲೆ ಯಾಕೆ ಬದಲಾಯಿತು, ಬದಲಾದ ಮೇಲೆ ಏನಾಯಿತು ಎಂಬುದನ್ನು ಆಕೆಯ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಆಕೆಯ ಹೆಸರು, ಓದಿದ ಸಂಸ್ಥೆ, ಚಿತ್ರತಂಡ ಯಾವುದನ್ನೂ ಹೇಳುವುದಿಲ್ಲ. ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ನಿರ್ದೇಶನ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನು. ಇಂಥ ಅರ್ಜಿಗಳನ್ನು ಓದಿ ಯಾರನ್ನು ಕರೆಯಬೇಕು ಎಂದು ಹೇಳುವ ಕೆಲಸವೂ ನನ್ನದಾಗಿತ್ತು.

ಹಿನ್ನೆಲೆ

ಆಕೆಯ ಮನೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿರುವ ಕಡೆಗೆ ಹತ್ತಿರ. ಮನೆಯಲ್ಲಿ ಸಿನಿಮಾದ ಪರಿಚಯ ಯಾರಿಗೂ ಇಲ್ಲ. ಓದಿದ್ದು ಬೆಂಗಳೂರಿನಲ್ಲಿ. ಓದು ಮುಗಿದ ಮೇಲೆ ಅಲ್ಲಿನ ಬಾಡಿಗೆ ಕಟ್ಟುವುದು ಕಷ್ಟವಾಗಿ ಊರಿಗೆ ಮರಳಿದ್ದಳು. ಅದೇ ಹೊತ್ತಿಗೆ ಒಂದು ಕನ್ನಡ ಚಿತ್ರದ ಕೆಲವು ದಿನಗಳ ಶೂಟಿಂಗ್ ಚಿತ್ರದುರ್ಗ, ದಾವಣಗೆರೆ ಸುತ್ತಮುತ್ತ ನಡೆಯಲಿದೆ ಎಂಬ ಸುದ್ದಿ ಬಂತು. ತಂಡದವರು ಲೊಕೇಶನ್ ನೋಡಲು ಬಂದು ಹೋಗಿದ್ದರು. ಆಕೆ ನಿರ್ಮಾಣ ಸಂಸ್ಥೆಯ ಇಮೇಲ್ ವಿಳಾಸ ಹುಡುಕಿ ಅರ್ಜಿ ಕಳಿಸಿದಳು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕಳಿಸಿದಳು. ಆಗಲೂ ಬರಲಿಲ್ಲ. ಆಮೇಲೆ ಪರಿಚಿತರೊಬ್ಬರ ಮೂಲಕ ಪತ್ರ ನನ್ನ ಕೈಗೆ ಬಂತು.

ಸಹಾಯಕ ನಿರ್ದೇಶಕರ ಕೆಲಸ ಏನೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಪ್ರಕರಣವೆಲ್ಲ ನಿಂತಿರುವುದು ಅದರ ಮೇಲೆ. ನಮ್ಮ ಚಿತ್ರಗಳಲ್ಲಿ ನಿರ್ದೇಶಕರ ಕೆಳಗೆ ಕೋ-ಡೈರೆಕ್ಟರ್, ಅಸೋಸಿಯೇಟ್, ಅವರ ಕೆಳಗೆ ಮೂರ್ನಾಲ್ಕು ಜನ ಅಸಿಸ್ಟೆಂಟ್‌ಗಳು ಇರುತ್ತಾರೆ. ಒಬ್ಬರಿಗೆ ಕಂಟಿನ್ಯುಟಿ: ಹಿಂದಿನ ಶಾಟ್‌ನಲ್ಲಿ ಲೋಟ ಯಾವ ಕೈಯಲ್ಲಿತ್ತು, ಅಂಗಿಯ ಎಷ್ಟು ಗುಂಡಿ ತೆಗೆದಿತ್ತು ಎಂದು ಬರೆದಿಡುವುದು. ಒಬ್ಬರಿಗೆ ಕ್ಲ್ಯಾಪ್ ಮತ್ತು ಶಾಟ್ ವರದಿ. ಒಬ್ಬರಿಗೆ ಕಲಾವಿದರನ್ನು ಸಮಯಕ್ಕೆ ಮೇಕಪ್‌ನಿಂದ ಸೆಟ್‌ಗೆ ಕರೆತರುವುದು, ಅವರಿಗೆ ಸಂಭಾಷಣೆ ಓದಿಸುವುದು. ಇದಕ್ಕೆಲ್ಲ ಮೊದಲು, ಚಿತ್ರಕಥೆಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ಯಾವುದಕ್ಕೆ ಯಾರು ಬೇಕು, ಏನು ಬೇಕು, ಎಲ್ಲಿ, ಹಗಲೋ ರಾತ್ರಿಯೋ ಎಂದು ಪಟ್ಟಿ ಮಾಡಬೇಕು. ಅದೇ ಬ್ರೇಕ್‌ಡೌನ್. ಅಂದಮೇಲೆ ಕಥೆ ಬರೆಯುವುದು ಈ ಹುದ್ದೆಯ ಕೆಲಸವಲ್ಲ. ಹಾಗಿದ್ದರೂ ಅರ್ಜಿಯ ಜೊತೆ ಚಿತ್ರಕಥೆ ಇಡುವುದು ರೂಢಿ. ಅದನ್ನು ಓದುವವರು ಅದರಲ್ಲಿ ಹುಡುಕುವುದು ಏನನ್ನು? ಆಕೆಯ ಮೊದಲ ಪತ್ರ ಬಿದ್ದದ್ದು ಈ ಪ್ರಶ್ನೆಯಲ್ಲಿ.

ಮೊದಲ ಪತ್ರ

ಮೊದಲ ಪತ್ರದ ಮುಖ್ಯ ಭಾಗ ಹೀಗಿತ್ತು:

“ಚಿಕ್ಕಂದಿನಿಂದಲೂ ನನಗೆ ಸಿನಿಮಾ ಎಂದರೆ ಪ್ರಾಣ. ಮುಂದೊಂದು ದಿನ ನನ್ನದೇ ಚಿತ್ರ ನಿರ್ದೇಶಿಸಬೇಕು ಎನ್ನುವುದು ನನ್ನ ಜೀವನದ ಗುರಿ. ತಮ್ಮಂಥ ಹಿರಿಯರ ಬಳಿ ಸಹಾಯಕ ನಿರ್ದೇಶಕಿಯಾಗಿ ಅನುಭವ ಪಡೆಯಲು ಬಯಸುತ್ತೇನೆ. ಇದರೊಂದಿಗೆ ನಾನು ಬರೆದ ಚಿತ್ರಕಥೆಯನ್ನು ಲಗತ್ತಿಸಿದ್ದೇನೆ. ದಯವಿಟ್ಟು ಓದಿ ಅವಕಾಶ ಕೊಡಿ.”

ಇದರಲ್ಲಿ ಸುಳ್ಳಿಲ್ಲ, ಅಹಂಕಾರವೂ ಇಲ್ಲ. ಆದರೆ ಓದುವವನ ಜಾಗದಲ್ಲಿ ಕೂತು ನೋಡಿದರೆ ಕೊನೆಯ ವಾಕ್ಯದಲ್ಲಿ ಕೇಳಿರುವ ಅವಕಾಶ ಯಾವುದಕ್ಕೆ ಎಂಬುದು ತಿಳಿಯುವುದಿಲ್ಲ. ಕೆಲಸಕ್ಕೋ, ಲಗತ್ತಿಸಿದ ಚಿತ್ರಕಥೆಗೋ? ಲಗತ್ತಿಸಿದ್ದಾದರೂ ಪೂರ್ಣಪ್ರಮಾಣದ ಚಿತ್ರಕಥೆ, ನೂರಿಪ್ಪತ್ತು ಪುಟ ದಾಟಿದ್ದು. 1779ರಲ್ಲಿ ಹೈದರಾಲಿ ಚಿತ್ರದುರ್ಗದ ಕೋಟೆಯನ್ನು ವಶಪಡಿಸಿಕೊಂಡ ಕೊನೆಯ ದಿನಗಳ ಕಥೆ. ದುರ್ಗದ ಸೀಮೆಯಲ್ಲಿ ಬೆಳೆದವರು ಮೊದಲು ಬರೆಯುವುದು ಕೋಟೆಯ ಕಥೆಯನ್ನೇ, ಅದು ಸಹಜ. ಆಕೆಯದು ಕಾಳಜಿಯಿಂದ ಬರೆದದ್ದೂ ಹೌದು.

ನಿರ್ಮಾಣ ಸಂಸ್ಥೆಗಳು ಕೇಳದೆ ಬಂದ ಚಿತ್ರಕಥೆಯನ್ನು ತೆರೆಯಲು ಹಿಂದೇಟು ಹಾಕುತ್ತವೆ. ನಾಳೆ ತಮ್ಮ ಚಿತ್ರದಲ್ಲಿ ಹೋಲುವ ಸನ್ನಿವೇಶ ಬಂದರೆ “ನನ್ನ ಕಥೆ ಓದಿ ಕದ್ದರು” ಎಂಬ ದೂರು ಬರಬಹುದು ಎಂಬ ಭಯ ಅದಕ್ಕೆ ಕಾರಣ. ಕೃತಿಸ್ವಾಮ್ಯ ಕಾಯ್ದೆ ಬರೀ ಕಲ್ಪನೆಗೆ ರಕ್ಷಣೆ ಕೊಡುವುದಿಲ್ಲ, ಬರೆದ ರೂಪಕ್ಕೆ ಕೊಡುತ್ತದೆ. ಆದರೆ ಓದಿದ್ದರೋ ಇಲ್ಲವೋ ಎಂಬ ಜಗಳಕ್ಕೆ ಸಿಕ್ಕಿಕೊಳ್ಳುವುದು ಯಾರಿಗೂ ಬೇಡ. ಹಾಗಾಗಿ ಆಕೆಯ ಅರ್ಜಿ ಅರ್ಜಿಯಾಗಿ ಉಳಿಯದೆ ಕಥೆ ಮಾರಲು ಬಂದ ಪತ್ರದಂತೆ ಕಂಡಿರಬೇಕು, ಬದಿಗೆ ಸರಿದಿರಬೇಕು.

ಕಡತದ ತೊಂದರೆಯೂ ಇತ್ತು. ಚಿತ್ರಕಥೆಯನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ವರ್ಡ್ ಕಡತವಾಗಿಯೇ ಕಳಿಸಿದ್ದಳು. ಯುನಿಕೋಡ್ ಅಲ್ಲದ ಆ ಫಾಂಟು ಇಲ್ಲದ ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ನನ್ನ ಫೋನಿನಲ್ಲೂ ಹಾಗೇ ಕಂಡಿತು. ಲೊಕೇಶನ್ನಿಗೆ ಓಡಾಡುವ ತಂಡದವರು ಇಮೇಲ್ ನೋಡುವುದು ಫೋನಿನಲ್ಲೇ.

ಯಾವ ಚಿತ್ರಕಥೆ ಕಳಿಸುವುದು?

ನಾವು ಹೆಚ್ಚು ಹೊತ್ತು ಕೂತದ್ದು ಪತ್ರದ ಭಾಷೆಯ ಮೇಲಲ್ಲ, ಲಗತ್ತಿನ ಆಯ್ಕೆಯ ಮೇಲೆ.

ಕೋಟೆಯ ಚಿತ್ರಕಥೆಯ ಮೊದಲ ಹತ್ತು ಪುಟ ಮಾತ್ರ ಕಳಿಸಬಹುದೇ ಎಂದು ಆಕೆ ಕೇಳಿದಳು. ನಾನು ಬೇಡ ಎಂದೆ. ಆ ಹತ್ತು ಪುಟದಲ್ಲಿ ಸಾವಿರಾರು ಸೈನಿಕರು, ಕುದುರೆ, ರಾತ್ರಿಯ ಪಂಜುಗಳು. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿ ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು, ರಕ್ಷಿತ ಕಲ್ಲಿನ ಹತ್ತಿರ ಬೆಂಕಿ ಹಚ್ಚುವ ಮಾತೇ ಇಲ್ಲ. ಓದುವ ಕೋ-ಡೈರೆಕ್ಟರ್‌ಗೆ ಮೊದಲು ಹೊಳೆಯುವುದು ಇದು. ಬರೆದವಳಿಗೆ ಇದು ಗೊತ್ತಿತ್ತು ಎಂಬುದಕ್ಕೆ ಆ ಪುಟಗಳಲ್ಲಿ ಯಾವ ಸಾಕ್ಷಿಯೂ ಇರಲಿಲ್ಲ.

ಆಮೇಲೆ ಓದಿನ ಭಾಗವಾಗಿ ಮಾಡಿದ ತನ್ನ ಡಿಪ್ಲೊಮಾ ಚಿತ್ರದ ಚಿತ್ರಕಥೆ ತೋರಿಸಿದಳು. ಹನ್ನೆರಡು ಪುಟ, ಚೆನ್ನಾಗಿತ್ತು, ಚಿತ್ರವಾಗಿಯೂ ಆಗಿತ್ತು. ಇದೇ ಸರಿ ಎಂದು ಇಬ್ಬರಿಗೂ ಅನ್ನಿಸಿತು. ಮೊದಲ ಪುಟದಲ್ಲಿ ಆಕೆಯ ಹೆಸರೊಂದೇ ಇತ್ತು. ಒಂದು ದೃಶ್ಯದ ಸಂಭಾಷಣೆಯನ್ನು ನಾನು ಮೆಚ್ಚಿದಾಗ, “ಅದು ನನ್ನ ಕ್ಲಾಸ್‌ಮೇಟ್ ಬರ್ದಿದ್ದು ಸರ್” ಎಂದಳು. ಕೇಳುತ್ತ ಹೋದರೆ, ಕಥೆ ಇಬ್ಬರೂ ಕೂತು ಕಟ್ಟಿದ್ದು, ಯಾವ ಸಾಲು ಯಾರದು ಎಂದು ಬೇರೆ ಮಾಡಲು ಬರುವುದಿಲ್ಲ. ನಿರ್ದೇಶನ ಈಕೆಯದಾದ್ದರಿಂದ ಓದಿದ ಸಂಸ್ಥೆಯ ಪ್ರತಿಯಲ್ಲಿ ಈಕೆಯ ಹೆಸರಷ್ಟೇ ಉಳಿದಿತ್ತು. ಮುಚ್ಚಿಡುವ ಉದ್ದೇಶ ಆಕೆಗಿರಲಿಲ್ಲ. ಆದರೆ ಹೀಗೆ ಬೇರ್ಪಡಿಸಲಾಗದಂತೆ ಇಬ್ಬರು ಸೇರಿ ಬರೆದದ್ದು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಜಂಟಿ ಕರ್ತೃತ್ವದ ಕೃತಿ. “ನಾನು ಬರೆದ ಚಿತ್ರಕಥೆ” ಎಂದು ಕಳಿಸಿದರೆ ಅದು ಅರ್ಧ ಮಾತ್ರ ನಿಜ.

ನನ್ನ ಪ್ರಕಾರ ಪ್ರಕರಣ ತಿರುಗಿದ್ದು ಇಲ್ಲಿ. ಸಹಪಾಠಿಯ ಒಪ್ಪಿಗೆ ಕೇಳಿ ಇಬ್ಬರ ಹೆಸರಲ್ಲಿ ಕಳಿಸುವ ದಾರಿ ಇತ್ತು, ಅವನು ಒಪ್ಪುತ್ತಿದ್ದ ಕೂಡ. ಆದರೆ ಮಾದರಿ ಬರಹ ಇರುವುದು ಅರ್ಜಿದಾರಳ ಕೆಲಸ ತೋರಿಸಲು. ಇಬ್ಬರು ಬರೆದದ್ದರಲ್ಲಿ ಅವಳ ಪಾಲು ಎಷ್ಟು ಎಂದು ಓದುವವನು ಊಹಿಸುತ್ತ ಕೂರಬೇಕಾಗುತ್ತದೆ. ಆಕೆಯೇ ಒಂದು ರಾತ್ರಿ ಯೋಚಿಸಿ, ಹೊಸದಾಗಿ ಬರೆಯುತ್ತೇನೆ ಎಂದಳು. ಡಿಪ್ಲೊಮಾ ಚಿತ್ರಕಥೆಯ ಮೊದಲ ಪುಟದಲ್ಲಿ ಸಹಪಾಠಿಯ ಹೆಸರನ್ನೂ ಸೇರಿಸುವಂತೆ ಓದಿದ ಸಂಸ್ಥೆಗೆ ಪತ್ರ ಬರೆದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಭಟ್ಟಿಯ ದೃಶ್ಯ

ಹೊಸ ಚಿತ್ರಕಥೆ ಏಳು ಪುಟದ್ದು, ಮೂರು ದೃಶ್ಯ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ತಾಯಿ, ಹನ್ನೆರಡು ವರ್ಷದ ಮಗ. ಶಾಲೆಯ ಪ್ರವಾಸದ ದುಡ್ಡು ಕಟ್ಟಲು ಅದೇ ಕೊನೆಯ ದಿನ. ಮಗ ಕೇಳಬೇಕು, ಕೇಳುವುದಿಲ್ಲ. ಆಕೆ ಚಿಕ್ಕಂದಿನಿಂದ ನೋಡುತ್ತ ಬಂದ ಜಾಗವಾದ್ದರಿಂದ ವಿವರಗಳು ತಾವಾಗಿ ಬಂದವು: ಕಾದ ಮರಳಿಗೆ ಅಕ್ಕಿ ಸುರಿಯುವುದು, ಅರಳಿದ ಮೇಲೆ ಜರಡಿಯಲ್ಲಿ ಮರಳು ಬೇರೆ ಮಾಡುವುದು, ಒಲೆಗೆ ಹೊಟ್ಟು.

ಆದರೂ ಮೊದಲ ಕರಡಿನಲ್ಲಿ ಹೀಗೊಂದು ಸಾಲಿತ್ತು: “ಒಲೆಯ ಬೆಂಕಿ ಅವಳ ಎದೆಯ ಬೆಂಕಿಯಂತೆ ಉರಿಯುತ್ತಿದೆ. ಎಷ್ಟೋ ವರ್ಷಗಳ ನೋವು ಅವಳಿಗೆ ನೆನಪಾಗುತ್ತದೆ.” ಕ್ಯಾಮೆರಾಗೆ ಇದರಲ್ಲಿ ತೆಗೆಯಲು ಏನೂ ಇಲ್ಲ. ನೋವು ನೆನಪಾಯಿತು ಎಂದು ನೋಡುವವರಿಗೆ ಹೇಗೆ ಗೊತ್ತಾಗಬೇಕು? ಕಲಾವಿದೆ ಏನು ಮಾಡಬೇಕು, ಕೈಯಲ್ಲಿ ಏನಿರಬೇಕು? ಆಕೆ ತಿದ್ದಿದ್ದು ಹೀಗೆ:

“ದೃಶ್ಯ 2. ಒಳಾಂಗಣ. ಮಂಡಕ್ಕಿ ಭಟ್ಟಿ. ರಾತ್ರಿ.

ತಾಯಿ ಕಾದ ಮರಳಿಗೆ ಅಕ್ಕಿ ಸುರಿಯುತ್ತಾಳೆ. ಅರಳುವ ಸದ್ದು. ಬಾಗಿಲಲ್ಲಿ ಮಗ ನಿಂತಿದ್ದಾನೆ. ಸಮವಸ್ತ್ರ, ಹೆಗಲಲ್ಲಿ ಚೀಲ. ಕೈಯಲ್ಲಿ ಮಡಚಿದ ಚೀಟಿ.

ತಾಯಿ: (ತಿರುಗದೆ) ಉಂಡ್ಯೇನೋ?

ಮಗ: ಹ್ಞೂಂ.

ತಾಯಿ: ಎಲ್ಲುಂಡಿ? ಬೀಗದ ಕೈ ನನ್ನತ್ರ ಐತಲ್ಲ.

ಮಗ ಚೀಟಿಯನ್ನು ಚಡ್ಡಿಯ ಜೇಬಿಗೆ ಹಾಕಿಕೊಳ್ಳುತ್ತಾನೆ. ಚೀಲ ಇಳಿಸಿ ಜರಡಿ ಹಿಡಿಯುತ್ತಾನೆ.”

ಈ ಸಾಲುಗಳಲ್ಲಿ ನೋವು ಎಂಬ ಮಾತಿಲ್ಲ. ಆದರೆ ಸಹಾಯಕ ನಿರ್ದೇಶಕನಿಗೆ ಬೇಕಾದದ್ದೆಲ್ಲ ಇದೆ: ಇಬ್ಬರು ಕಲಾವಿದರು, ಒಂದು ಚೀಟಿ, ಒಂದು ಚೀಲ, ಜರಡಿ, ಅಕ್ಕಿ. ಚೀಟಿ ಯಾವ ಜೇಬಿಗೆ ಹೋಯಿತು ಎಂಬುದು ಕಂಟಿನ್ಯುಟಿ ಬರೆಯುವವನ ಕೆಲಸ.

ಪುಟ ಲೆಕ್ಕದ ಬಗ್ಗೆಯೂ ಒಂದು ಮಾತು. ಒಂದು ಪುಟ ಅಂದರೆ ತೆರೆಯ ಮೇಲೆ ಒಂದು ನಿಮಿಷ ಎಂಬ ಲೆಕ್ಕವನ್ನು ಆಕೆ ತರಗತಿಯಲ್ಲಿ ಕಲಿತಿದ್ದಳು. ಆ ಲೆಕ್ಕ ಬೆಳೆದದ್ದು 12 ಪಾಯಿಂಟಿನ ಕೊರಿಯರ್ ಎಂಬ ಇಂಗ್ಲಿಷ್ ಅಕ್ಷರದಲ್ಲಿ, ನಿಗದಿತ ಅಂಚು ಬಿಟ್ಟು ಟೈಪ್ ಮಾಡಿದ ಪುಟಕ್ಕೆ. ಕನ್ನಡದ ಫಾಂಟು, ಒತ್ತಕ್ಷರಕ್ಕೆ ಬೇಕಾದ ಸಾಲಿನ ಅಂತರ ಎಲ್ಲ ಬೇರೆಯಾದ್ದರಿಂದ ಅದೇ ಲೆಕ್ಕ ಇಲ್ಲಿ ಕೂರುವುದಿಲ್ಲ. ಹಾಗಾಗಿ ಫೋನಿನ ಸ್ಟಾಪ್‌ವಾಚ್ ಹಿಡಿದು, ಸಂಭಾಷಣೆಯನ್ನು ಗಟ್ಟಿಯಾಗಿ ಓದಿ, ಕೆಲಸದ ಚಲನೆಗಳನ್ನು ಮಾಡಿ ನೋಡಿ ಪ್ರತಿ ದೃಶ್ಯದ ಸಮಯ ಬರೆದಳು. ಏಳು ಪುಟ ಒಂಬತ್ತು ನಿಮಿಷದ ಹತ್ತಿರ ಬಂತು.

ಬ್ರೇಕ್‌ಡೌನ್ ಜೊತೆಗಿಡುವ ನಿರ್ಧಾರ

ಚಿತ್ರಕಥೆ ಮುಗಿದ ಮೇಲೆ ಅದರದೇ ಎರಡು ಪುಟದ ಬ್ರೇಕ್‌ಡೌನ್ ಮಾಡಲು ಹೇಳಿದೆ. ಅರ್ಜಿಗಳಲ್ಲಿ ಇದು ಇರುವುದು ಅಪರೂಪ. ಆದರೆ ಈ ಹುದ್ದೆಗೆ ನೇರವಾದ ಸಾಕ್ಷಿ ಇದೇ. ಚೆನ್ನಾಗಿ ಬರೆಯುವವರು ಸಿಗುತ್ತಾರೆ. ಬರೆದದ್ದನ್ನು ಬಿಚ್ಚಿ, ನಾಳೆ ಬೆಳಿಗ್ಗೆ ಸೆಟ್‌ನಲ್ಲಿ ಏನೇನು ಇರಬೇಕು ಎಂದು ಹೇಳುವವರನ್ನೇ ಕೋ-ಡೈರೆಕ್ಟರ್ ಹುಡುಕುವುದು.

ಅದನ್ನು ಮಾಡುತ್ತ ಆಕೆಗೆ ತನ್ನ ಬರಹದೊಳಗಿನ ತೊಡಕು ತಾನೇ ಕಂಡಿತು. ಹನ್ನೆರಡು ವರ್ಷದ ಹುಡುಗ, ರಾತ್ರಿಯ ದೃಶ್ಯ, ಬೆಂಕಿಯ ಪಕ್ಕ. ಬಾಲ ಕಲಾವಿದರನ್ನು ಚಿತ್ರೀಕರಣಕ್ಕೆ ಕರೆಯಬೇಕಾದರೆ ಬಾಲ ಕಾರ್ಮಿಕ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಹುಡುಗನನ್ನು ತೆಗೆದು ಕಾಲೇಜು ಹುಡುಗನನ್ನಾಗಿ ಮಾಡಿಬಿಡಲೇ ಎಂದು ಕೇಳಿದಳು. ಹಾಗೆ ಮಾಡಿದರೆ ದೃಶ್ಯವೇ ಸಾಯುತ್ತಿತ್ತು. ಕೊನೆಗೆ ಚಿತ್ರಕಥೆ ಮುಟ್ಟದೆ, ಬ್ರೇಕ್‌ಡೌನಿನ ಟಿಪ್ಪಣಿಯಲ್ಲಿ ಹೀಗೆ ಬರೆದಳು: “ದೃಶ್ಯ 2 ಒಳಾಂಗಣ. ಬಾಗಿಲು, ಕಿಂಡಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಹಗಲಿನಲ್ಲೇ ರಾತ್ರಿಯಾಗಿ ತೆಗೆಯಬಹುದು. ಬಾಲ ಕಲಾವಿದನ ಶಾಟ್‌ಗಳು ಮೊದಲು, ಒಟ್ಟು ಐದು ಗಂಟೆಯೊಳಗೆ. ಉರಿಯುವ ಒಲೆಯ ಶಾಟ್‌ಗಳಲ್ಲಿ ಹುಡುಗ ಫ್ರೇಮಿನಲ್ಲಿ ಇಲ್ಲ.”

ಈ ಮೂರು ಸಾಲಿನ ಟಿಪ್ಪಣಿ ಏಳು ಪುಟದ ಚಿತ್ರಕಥೆಗಿಂತ ಹೆಚ್ಚು ಕೆಲಸ ಮಾಡಿತು.

ಎರಡನೆಯ ಪತ್ರ

ಪತ್ರವನ್ನು ಯಾರಿಗೆ ಬರೆಯುವುದು ಎಂಬುದೂ ಬದಲಾಯಿತು. ಸಹಾಯಕರ ತಂಡ ಕಟ್ಟುವುದು ಹೆಚ್ಚಾಗಿ ಕೋ-ಡೈರೆಕ್ಟರ್. ನಿರ್ಮಾಣ ಸಂಸ್ಥೆಯ ಸಾಮಾನ್ಯ ವಿಳಾಸ ಬಿಟ್ಟು, ಸ್ಥಳೀಯ ಲೊಕೇಶನ್ ಮ್ಯಾನೇಜರ್ ಮೂಲಕ ಅವರಿಗೇ ಕಳಿಸಲು ಒಪ್ಪಿಗೆ ಪಡೆದಳು. ಪತ್ರ ಹೀಗಿತ್ತು:

“ಮಾನ್ಯರೇ,

ನಿಮ್ಮ ಚಿತ್ರದ ಒಂದು ಹಂತದ ಶೂಟಿಂಗ್ ಚಿತ್ರದುರ್ಗ, ದಾವಣಗೆರೆ ಸುತ್ತಮುತ್ತ ನಡೆಯಲಿದೆ ಎಂದು ಲೊಕೇಶನ್ ಮ್ಯಾನೇಜರ್ ಅವರಿಂದ ತಿಳಿಯಿತು. ಆ ಹಂತಕ್ಕೆ ನಿರ್ದೇಶನ ವಿಭಾಗದಲ್ಲಿ ಸಹಾಯಕಿಯಾಗಿ ಕೆಲಸ ಮಾಡಲು ಈ ಅರ್ಜಿ.

ಈ ವರ್ಷ ನಿರ್ದೇಶನದಲ್ಲಿ ಪದವಿ ಮುಗಿಸಿದ್ದೇನೆ. ವಿದ್ಯಾರ್ಥಿಗಳ ಐದು ಕಿರುಚಿತ್ರಗಳಲ್ಲಿ ಕೆಲಸ ಮಾಡಿದ್ದೇನೆ. ಎರಡರಲ್ಲಿ ಕಂಟಿನ್ಯುಟಿ ಬರೆದೆ, ಎರಡರಲ್ಲಿ ಕ್ಲ್ಯಾಪ್ ಮತ್ತು ಕಲಾವಿದರ ಸಮಯ ನೋಡಿಕೊಂಡೆ, ಒಂದನ್ನು ನಿರ್ದೇಶಿಸಿದೆ. ಅದರ ಚಿತ್ರಕಥೆ ಸಹಪಾಠಿಯೊಬ್ಬರ ಜೊತೆ ಸೇರಿ ಬರೆದದ್ದು. ವೃತ್ತಿಪರ ಚಿತ್ರದ ಸೆಟ್‌ನಲ್ಲಿ ಇನ್ನೂ ಕೆಲಸ ಮಾಡಿಲ್ಲ.

ಜೊತೆಗೆ ಏಳು ಪುಟದ ಮಾದರಿ ಚಿತ್ರಕಥೆ ಇದೆ. ಇದನ್ನು ಈ ಅರ್ಜಿಗಾಗಿ ನಾನೊಬ್ಬಳೇ ಬರೆದಿದ್ದೇನೆ. ಚಿತ್ರ ಮಾಡುವಿರೆಂದು ಕಳಿಸುತ್ತಿಲ್ಲ, ನನ್ನ ಕೆಲಸ ನೋಡಲು ಮಾತ್ರ. ಕೊನೆಯ ಎರಡು ಪುಟ ಅದರ ಬ್ರೇಕ್‌ಡೌನ್. ಸಮಯ ಕಡಿಮೆ ಇದ್ದರೆ ಮೊದಲು ಅವನ್ನು ನೋಡಿ.

ದಾವಣಗೆರೆಯಲ್ಲಿ ಮನೆ ಇದೆ, ವಸತಿ ಬೇಕಾಗಿಲ್ಲ. ಸ್ವಂತ ಸ್ಕೂಟರ್ ಇದೆ. ಶೂಟಿಂಗ್‌ಗೆ ಮುಂಚಿನ ತಯಾರಿಯ ದಿನಗಳಿಂದಲೇ ಬರಬಲ್ಲೆ.

ಇಂತಿ ವಿಶ್ವಾಸಿ”

ಇದರಲ್ಲಿ ಆಕೆಗೆ ಬರೆಯಲು ಹೆಚ್ಚು ಕಷ್ಟವಾದದ್ದು “ಇನ್ನೂ ಕೆಲಸ ಮಾಡಿಲ್ಲ” ಎಂಬ ವಾಕ್ಯ. ಅದನ್ನು ತೆಗೆದುಬಿಡೋಣ ಎಂದು ಕೊನೆಯವರೆಗೂ ಕೇಳುತ್ತಿದ್ದಳು. ನಾನು ಉಳಿಸಲು ಹೇಳಿದೆ. ಹೊಸಬರು ತಮ್ಮ ಅನುಭವವನ್ನು ಉಬ್ಬಿಸಿ ಬರೆದರೆ ಸೆಟ್‌ನ ಮೊದಲ ಬೆಳಿಗ್ಗೆಯೇ ಗೊತ್ತಾಗುತ್ತದೆ, ಕ್ಲ್ಯಾಪ್ ಹಿಡಿಯುವ ರೀತಿಯಲ್ಲೇ ಕಾಣುತ್ತದೆ. ಮೊದಲೇ ಹೇಳಿದ್ದರೆ ತಂಡ ಅದಕ್ಕೆ ತಕ್ಕ ಕೆಲಸ ಕೊಡುತ್ತದೆ. ಸಿನಿಮಾದ ಮೇಲಿನ ಪ್ರೀತಿಯ ವಾಕ್ಯಗಳು ಹೋದವು. ಅದು ಆಕೆಗೆ ಬೇಸರ ತಂದಿತು, ನನಗೂ. ಆದರೆ ಈ ಹುದ್ದೆಗೆ ಬರೆಯುವ ಪ್ರತಿಯೊಬ್ಬರೂ ಅದನ್ನೇ ಬರೆಯುತ್ತಾರೆ, ಓದುವವನಿಗೆ ಅದರಿಂದ ಆರಿಸಲು ಏನೂ ಸಿಗುವುದಿಲ್ಲ. ಒಂಬತ್ತು ಪುಟವನ್ನೂ ಯುನಿಕೋಡ್ ಫಾಂಟಿನಲ್ಲಿ ಒಂದೇ ಪಿಡಿಎಫ್ ಮಾಡಿ, ಬೇರೆ ಬೇರೆ ಫೋನ್‌ಗಳಲ್ಲಿ ತೆರೆದು ನೋಡಿ ಕಳಿಸಿದಳು. ವಿಷಯದ ಸಾಲಿನಲ್ಲಿ ಹುದ್ದೆ, ಊರು, ಹೆಸರು.

ಏನಾಯಿತು

ಕೆಲವು ವಾರ ಸುದ್ದಿ ಇರಲಿಲ್ಲ. ಆಮೇಲೆ ಕೋ-ಡೈರೆಕ್ಟರ್ ಫೋನ್ ಮಾಡಿದರು. ಕಥೆಯ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ಕೇಳಿದ್ದು ಇದು: “ಅಲ್ಲಮ್ಮ, ಭಟ್ಟಿ ಒಳಗೆ ಮಾತು ಇಟ್ಟಿದ್ದೀಯ. ಸಿಂಕ್ ಸೌಂಡ್ ಆದ್ರೆ ಏನ್ ಮಾಡ್ತೀಯ?”

ಪ್ರಶ್ನೆ ಸರಿಯಾದದ್ದು. ಆಕೆ ಮನಸ್ಸಿನಲ್ಲಿಟ್ಟುಕೊಂಡು ಬರೆದ ಭಟ್ಟಿಯಲ್ಲಿ ಹೊಟ್ಟು ಉರಿಸಲು ಬ್ಲೋವರ್ ಇದೆ. ಅದು ಓಡುತ್ತಿರುವಾಗ ಸಿಂಕ್ ಸೌಂಡ್‌ನಲ್ಲಿ, ಅಂದರೆ ಸ್ಥಳದಲ್ಲೇ, ಮಾತು ರೆಕಾರ್ಡ್ ಮಾಡಿದರೆ ಡಬ್ಬಿಂಗ್ ಇಲ್ಲದೆ ಉಪಯೋಗಕ್ಕೆ ಬರುವುದಿಲ್ಲ. ಬ್ಲೋವರ್ ನಿಲ್ಲಿಸಿದರೆ ಬೆಂಕಿ ಇಳಿಯುತ್ತದೆ, ಮರಳು ಆರುತ್ತದೆ, ಅಕ್ಕಿ ಅರಳುವುದಿಲ್ಲ. ಇದನ್ನು ಬ್ರೇಕ್‌ಡೌನಿನಲ್ಲಿ ಬರೆದಿರಲಿಲ್ಲ. ಆದರೆ ಭಟ್ಟಿಯ ಕೆಲಸ ಗೊತ್ತಿದ್ದರಿಂದ ಫೋನಿನಲ್ಲೇ ಉತ್ತರ ಕೊಟ್ಟಳು: “ಅಕ್ಕಿ ಅರಳೋ ಶಾಟ್‌ಗಳಲ್ಲಿ ಅಮ್ಮನ ಬೆನ್ನು ಅಷ್ಟೇ ಸರ್, ಮಾತಿಲ್ಲ. ಅವನ್ನ ಬ್ಲೋವರ್ ಹಾಕಿ ಮೊದ್ಲು ತಗೋಬಹುದು. ಆಮೇಲೆ ಬ್ಲೋವರ್ ನಿಲ್ಸಿ ಹುಡುಗನ ಕ್ಲೋಸು, ಅಮ್ಮನ ಕ್ಲೋಸು. ಒಲೆ ಬೆಳಕನ್ನ ಲೈಟ್‌ನಿಂದ ಮಾಡ್ಬೇಕು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಡುಗನ್ನ ಮೊದ್ಲು ತೆಗಿಯೋದು ಅಂತ ಬರ್ದಿದ್ದೆಯಲ್ಲ?” ಎಂದರು. ಹೌದು, ಎರಡೂ ಒಟ್ಟಿಗೆ ಆಗುವುದಿಲ್ಲ. ಬೆಂಕಿ ಮೊದಲು ತೆಗೆದರೆ ಹುಡುಗ ಕಾಯಬೇಕು, ಕರೆಸಿ ಕೂರಿಸಿದ ಹೊತ್ತೂ ಅವನ ಐದು ಗಂಟೆಯನ್ನು ತಿನ್ನುತ್ತದೆ. ಆಕೆ ಯೋಚಿಸಿ, “ಹಾಗಾದ್ರೆ ಹುಡುಗನ್ನ ಮಧ್ಯಾಹ್ನದ ಮೇಲೆ ಕರೆಸ್ತೀನಿ ಸರ್” ಎಂದಳು. ಅಂದರೆ ಯಾರು ಯಾವ ಹೊತ್ತಿಗೆ ಬರಬೇಕು ಎಂಬ ಕಾಲ್‌ಶೀಟ್ ಬದಲಿಸುವುದು. ಬೆಳಿಗ್ಗೆ ಬೆಂಕಿ, ಊಟದ ನಂತರ ಬಾಲ ಕಲಾವಿದ. ಕೋ-ಡೈರೆಕ್ಟರ್‌ಗೆ ಬೇಕಾಗಿದ್ದದ್ದು ಈ ಉತ್ತರ ಎಂದು ನನ್ನ ಊಹೆ. ತಾನು ಬರೆದಿಟ್ಟ ಕ್ರಮವನ್ನು ಸಮರ್ಥಿಸಿಕೊಳ್ಳದೆ ಬದಲಿಸಬಲ್ಲಳೇ ಎಂದು ಅವರು ನೋಡಿದರು.

ಆಮೇಲೆ ಅವರು ತಮ್ಮ ಚಿತ್ರದ ಒಂದು ದೃಶ್ಯ ಕಳಿಸಿ, ಮರುದಿನದೊಳಗೆ ಬ್ರೇಕ್‌ಡೌನ್ ಮಾಡಿ ಕಳಿಸಲು ಹೇಳಿದರು. ಅದರಲ್ಲಿ ಆಕೆ ಒಂದು ವಾಹನವನ್ನು ಬಿಟ್ಟಿದ್ದಳು: ಸಂಭಾಷಣೆಯೊಳಗೆ ಮಾತ್ರ ಬರುವ, ಆದರೆ ಹಿನ್ನೆಲೆಯಲ್ಲಿ ಕಾಣಲೇಬೇಕಾದ ಒಂದು ಟ್ರ್ಯಾಕ್ಟರ್. ಅವರು ಅದನ್ನು ತೋರಿಸಿಕೊಟ್ಟರು.

ಕೊನೆಗೆ ಸಿಕ್ಕಿದ್ದು ಸಹಾಯಕ ನಿರ್ದೇಶಕಿಯ ಹುದ್ದೆಯಲ್ಲ. ಈ ಭಾಗದ ಶೂಟಿಂಗ್ ಮುಗಿಯುವವರೆಗೆ ಅಪ್ರೆಂಟಿಸ್ ಆಗಿ, ಕಂಟಿನ್ಯುಟಿ ಬರೆಯುವವರ ಕೈಕೆಳಗೆ. ಸಂಬಳ ಇಲ್ಲ, ದಿನದ ಬಾಟಾ ಮತ್ತು ಪೆಟ್ರೋಲ್ ಖರ್ಚು. ಈ ಷರತ್ತಿಗೆ ಒಪ್ಪಬೇಕೇ ಎಂದು ಮನೆಯಲ್ಲಿ ಚರ್ಚೆ ಆಯಿತು. ಸಂಬಳವಿಲ್ಲದ ಕೆಲಸವನ್ನು ನಾನು ಯಾರಿಗೂ ಸುಲಭವಾಗಿ ಒಪ್ಪಿಕೋ ಎನ್ನುವುದಿಲ್ಲ. ಇಲ್ಲಿ ಊಟ, ವಸತಿ ಮನೆಯಲ್ಲೇ ಇದ್ದದ್ದು, ಅವಧಿ ನಿಗದಿಯಾಗಿದ್ದದ್ದು ಬೇರೆ ಮಾತು. ಆದರೂ ಬಾಟಾ ಎಷ್ಟು, ಎಷ್ಟು ದಿನ, ಟೈಟಲ್ ಕಾರ್ಡಿನಲ್ಲಿ ಹೆಸರು ಯಾವ ಸಾಲಿನಲ್ಲಿ ಎಂಬ ಮೂರನ್ನೂ ಬರಹದಲ್ಲಿ ಕೇಳು ಎಂದೆ. ವಾಟ್ಸಾಪ್ ಸಂದೇಶದಲ್ಲಿ ಕೇಳಿದಳು, ಅದರಲ್ಲೇ ಉತ್ತರ ಬಂತು. ಆಕೆ ಅದನ್ನು ಇಮೇಲಿಗೂ ಕಳಿಸಿ ಇಟ್ಟುಕೊಂಡಿದ್ದಾಳೆ. ಶೂಟಿಂಗ್ ನಡುವೆ ಬಾಟಾ ಒಂದು ವಾರ ತಡವಾದಾಗ ಆ ಸಂದೇಶ ಕೆಲಸಕ್ಕೆ ಬಂತು.

ಅದೇ ಪತ್ರದ ಮಾದರಿಯನ್ನು ಬೆಂಗಳೂರಿನ ಬೇರೆ ತಂಡಗಳಿಗೂ ಕಳಿಸಿದ್ದಳು. ಅಲ್ಲಿಂದ ಉತ್ತರ ಬರಲಿಲ್ಲ. ಊರಿನಲ್ಲೇ ಇದ್ದದ್ದು, ಆ ಚಿತ್ರಕ್ಕೆ ಈ ಊರು ಬೇಕಾಗಿದ್ದದ್ದು ಇಲ್ಲಿ ನೆರವಾಯಿತು. ಪತ್ರ ಒಂದರಿಂದಲೇ ಆಯಿತು ಎಂದರೆ ತಪ್ಪಾಗುತ್ತದೆ. ಹಾಗೆಯೇ ಮೊದಲ ಪತ್ರ ಹೋದಾಗಲೂ ಆಕೆಯ ಮನೆ ದಾವಣಗೆರೆಯಲ್ಲೇ ಇತ್ತು, ಅದನ್ನು ಪತ್ರದಲ್ಲಿ ಹೇಳಿರಲಿಲ್ಲ ಅಷ್ಟೆ.

ಮುಂದಿನ ಅರ್ಜಿ

ಶೂಟಿಂಗ್ ಮುಗಿದ ಮೇಲೆ ಆಕೆ ಮತ್ತೊಂದು ಚಿತ್ರಕ್ಕೆ ಅರ್ಜಿ ಬರೆಯಲು ಕೂತಾಗ ಹೊಸ ಪ್ರಶ್ನೆ ಬಂತು. ಈಗ ಕೈಯಲ್ಲಿ ನಿಜವಾದ ಚಿತ್ರದ ಕಂಟಿನ್ಯುಟಿ ಹಾಳೆಗಳಿವೆ, ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಮಾದರಿ ಚಿತ್ರಕಥೆಯ ಬದಲು ಅದನ್ನೇ ಲಗತ್ತಿಸಲೇ ಎಂದು ಕೇಳಿದಳು. ಆದರೆ ಆ ಹಾಳೆಗಳಲ್ಲಿ ಬಿಡುಗಡೆಯಾಗದ ಚಿತ್ರದ ದೃಶ್ಯಗಳು, ಸಂಭಾಷಣೆ, ವೇಷದ ಫೋಟೋ ಎಲ್ಲ ಇವೆ. ಅವು ನಿರ್ಮಾಪಕರ ಸ್ವತ್ತು. ಹೊರಗೆ ಕಳಿಸಿದರೆ ಆ ತಂಡದ ವಿಶ್ವಾಸ ಮುರಿದಂತೆ, ಓದುವ ಹೊಸ ತಂಡಕ್ಕೂ ನಾಳೆ ನಮ್ಮ ಹಾಳೆಗಳನ್ನೂ ಹೀಗೇ ಕಳಿಸುತ್ತಾಳೆ ಎಂದು ಕಾಣುತ್ತದೆ. ಹಾಗಾಗಿ ಭಟ್ಟಿಯ ಚಿತ್ರಕಥೆಯನ್ನೇ ಉಳಿಸಿಕೊಂಡು, ಬ್ರೇಕ್‌ಡೌನನ್ನು ಫೋನಿನಲ್ಲಿ ಬಂದ ಪ್ರಶ್ನೆಗಳಿಗೆ ತಕ್ಕಂತೆ ತಿದ್ದಿದಳು. ಬ್ಲೋವರ್ ಶಬ್ದದ ಟಿಪ್ಪಣಿ ಸೇರಿತು, ಬಾಲ ಕಲಾವಿದನ ಕಾಲ್ ಟೈಮ್ ಮಧ್ಯಾಹ್ನಕ್ಕೆ ಹೋಯಿತು. ಅದೇ ದೃಶ್ಯಕ್ಕೆ ತಾನೇ ಶಾಟ್‌ಗಳನ್ನು ಊಹಿಸಿ ಒಂದು ಪುಟದ ಕಂಟಿನ್ಯುಟಿ ಹಾಳೆಯನ್ನೂ ಬರೆದಳು. ಚೀಟಿ ಎಡ ಜೇಬಿನಲ್ಲಿ, ಜರಡಿ ಹಿಡಿದ ಮೇಲೆ ಸಮವಸ್ತ್ರದ ತೋಳಿಗೆ ಹೊಟ್ಟಿನ ಧೂಳು, ಚೀಲ ಬಾಗಿಲ ಬಲಕ್ಕೆ. ಪತ್ರದಲ್ಲಿ “ವೃತ್ತಿಪರ ಚಿತ್ರದ ಸೆಟ್‌ನಲ್ಲಿ ಇನ್ನೂ ಕೆಲಸ ಮಾಡಿಲ್ಲ” ಎಂಬ ವಾಕ್ಯದ ಜಾಗಕ್ಕೆ, ಅಪ್ರೆಂಟಿಸ್ ಆಗಿ ಎಷ್ಟು ದಿನ, ಯಾವ ಕೆಲಸ ಎಂಬ ವಾಕ್ಯ ಬಂದಿದೆ. ಕೆಳಗೆ, ಕೋ-ಡೈರೆಕ್ಟರ್ ಅವರನ್ನು ಕೇಳಿ ಒಪ್ಪಿಗೆ ಪಡೆದ ಮೇಲೆ, ವಿಚಾರಿಸಲು ಅವರ ಹೆಸರು ಹಾಕಿದ್ದಾಳೆ. ಅರ್ಜಿ ಹೋಗಿದೆ, ಉತ್ತರ ಇನ್ನೂ ಬರಬೇಕು.